ಕಾರವಾರದ ರೈಲಿನಲ್ಲಿ ಹಾಟ್‌ಸ್ಪಾಟ್: ವೈಫೈ, ಕೇಬಲ್, ಬ್ಲೂಟೂತ್

ಯಶವಂತಪುರದಿಂದ ಕಾರವಾರಕ್ಕೆ ಹೋಗುವ ಹಗಲು ರೈಲಿನಲ್ಲಿ ಈ ವರ್ಷ ನಾಲ್ಕು ಸಲ ಕುಮಟಾಕ್ಕೆ ಹೋಗಿ ಬಂದಿದ್ದೇನೆ. ನನ್ನದು ಕರಡು ತಿದ್ದುವ ಕೆಲಸ. ಪುಟಗಳು ಬರುತ್ತಲೇ ಇರುತ್ತವೆ, ತಿದ್ದಿ ಕಳುಹಿಸುತ್ತಲೇ ಇರಬೇಕು. ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ತರಲು ಆಂಡ್ರಾಯ್ಡ್ ಫೋನಿನಲ್ಲಿ ಮೂರು ದಾರಿಗಳಿವೆ: ವೈಫೈ ಹಾಟ್‌ಸ್ಪಾಟ್, ಯುಎಸ್‌ಬಿ ಕೇಬಲ್, ಬ್ಲೂಟೂತ್. ಮೂರೂ `Hotspot & tethering` ಎಂಬ ಒಂದೇ ಪುಟದಲ್ಲಿ ಸಿಗುತ್ತವೆ. ಒಂದೇ ಫೋನು, ಒಂದೇ ವಿಂಡೋಸ್ ಲ್ಯಾಪ್‌ಟಾಪು, ಒಂದೇ ಮಾರ್ಗ ಇಟ್ಟುಕೊಂಡು ಮೂರನ್ನೂ ಬಳಸಿ ನೋಡಿದೆ.

ಹಾಸನದವರೆಗೆ ಬಯಲು ಸೀಮೆ, ಸಿಗ್ನಲ್ ಚೆನ್ನಾಗಿರುತ್ತದೆ. ಅಲ್ಲಿ ವೈಫೈಗೂ ಕೇಬಲ್ಲಿಗೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಸೆಕೆಂಡಿಗೆ ಇಪ್ಪತ್ತರಿಂದ ಮೂವತ್ತು ಮೆಗಾಬಿಟ್ ಬರುತ್ತಿತ್ತು. ಬ್ಲೂಟೂತ್ ಒಂದು ಮೆಗಾಬಿಟ್ಟಿನ ಆಸುಪಾಸಿನಲ್ಲೇ ನಿಂತಿತು. ಅದು ನೆಟ್‌ವರ್ಕಿನ ದೋಷವಲ್ಲ, ಬ್ಲೂಟೂತಿನ ಮಿತಿಯೇ ಅಷ್ಟು. ಹನ್ನೆರಡು ಎಂಬಿಯ ಒಂದು ಪಿಡಿಎಫ್ ಬ್ಲೂಟೂತಿನಲ್ಲಿ ಇಳಿಯಲು ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಕಾಯಿತು. ಉಳಿದೆರಡರಲ್ಲಿ ನಾಲ್ಕೈದು ಸೆಕೆಂಡಿನ ಮಾತು.

ಇಷ್ಟು ನೋಡಿದರೆ ಕೇಬಲ್ಲೇ ಮೇಲು ಎನಿಸುತ್ತದೆ. ವೇಗವೂ ಇದೆ, ಫೋನೂ ಚಾರ್ಜ್ ಆಗುತ್ತದೆ. ಮೊದಲ ಪ್ರಯಾಣದಲ್ಲಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅಂದು ಕೇಬಲ್ ಚುಚ್ಚಿದರೂ `USB tethering` ಮಂಕಾಗಿಯೇ ಉಳಿಯಿತು, ಒತ್ತಲು ಬರಲಿಲ್ಲ. ಕಾರಣ ಕೇಬಲ್ಲಿನಲ್ಲಿತ್ತು. ಚಾರ್ಜಿಂಗಿಗೆಂದೇ ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ವಿದ್ಯುತ್ತಿನ ತಂತಿಗಳು ಮಾತ್ರ ಇರುತ್ತವೆ, ಡೇಟಾ ಸಾಗಿಸುವ ತಂತಿಗಳೇ ಇರುವುದಿಲ್ಲ. ಫೋನು ಚಾರ್ಜ್ ಆಗುತ್ತಿದ್ದು, ಆ ಆಯ್ಕೆ ಮಾತ್ರ ಮಂಕಾಗಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು. ಫೋನಿಗೆ ಸೇರುವ ಚಾರ್ಜು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ ಹೋಗುತ್ತದೆ ಎಂಬುದೂ ನೆನಪಿರಲಿ. ನನ್ನ ಲ್ಯಾಪ್‌ಟಾಪು ನಾಲ್ಕು ಗಂಟೆ ಬಾಳುತ್ತದೆ. ಫೋನು ಚುಚ್ಚಿದಾಗ ಮೂರೂಕಾಲು ಗಂಟೆಗೇ ಕೈಕೊಟ್ಟಿತು.

ಸಕಲೇಶಪುರ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗಗಳಿವೆ, ರೈಲು ನಿಧಾನವಾಗಿ ಇಳಿಯುತ್ತದೆ. ಸುರಂಗದೊಳಗೆ ಮೂರೂ ಒಂದೇ, ಯಾವುದೂ ನಡೆಯುವುದಿಲ್ಲ. ಎರಡು ಸುರಂಗಗಳ ನಡುವೆ ಮಾತ್ರ ಒಂದಿಷ್ಟು ಸಿಗ್ನಲ್ ಮಿನುಗುತ್ತದೆ, ಅದೂ ಕಿಟಕಿಯ ಬಳಿ. ಬೋಗಿಯ ಮೈಯೆಲ್ಲ ಲೋಹ, ಒಳಗೆ ಬಂದಷ್ಟೂ ಸಿಗ್ನಲ್ ಕುಗ್ಗುತ್ತದೆ. ನನ್ನ ಕೇಬಲ್ ಒಂದು ಮೀಟರಿನದು; ನಡುವಿನ ಆಸನದಲ್ಲಿ ಕೂತಿದ್ದ ನನ್ನ ಫೋನು ತೊಡೆಯ ಮೇಲೆಯೇ ಇರಬೇಕಾಯಿತು. ಎರಡನೆಯ ಪ್ರಯಾಣದಲ್ಲಿ ಕೇಬಲ್ ಬಿಚ್ಚಿ, ವೈಫೈ ಹಾಟ್‌ಸ್ಪಾಟ್ ಹಾಕಿ, ಕಿಟಕಿ ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿ ಫೋನನ್ನು ಅವರ ಪಕ್ಕದ ಚೀಲದ ಕೊಕ್ಕೆಗೆ ಸಣ್ಣ ಚೀಲದಲ್ಲಿ ತೂಗುಹಾಕಿದೆ. ತೊಡೆಯ ಮೇಲೆ ಒಂದು ಗೀಟೂ ಇಲ್ಲದಿದ್ದ ಸಿಗ್ನಲ್ ಅಲ್ಲಿ ಎರಡು ಗೀಟಿಗೆ ಏರಿತು. ಅರ್ಧ ಗಂಟೆಯಿಂದ ಸಿಕ್ಕಿಬಿದ್ದಿದ್ದ ಮೇಲ್ ಹೊರಟಿತು. ಫೋನನ್ನು ಸಿಗ್ನಲ್ ಇರುವ ಕಡೆ ಇಟ್ಟು ನಾವು ಬೇರೆಡೆ ಕೂರಬಹುದು ಎನ್ನುವುದೇ ನಿಸ್ತಂತು ದಾರಿಗಳ ದೊಡ್ಡ ಲಾಭ. ವೇಗ ಅಳೆಯುವವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಘಟ್ಟದಲ್ಲಿ ನನ್ನನ್ನು ಅಚ್ಚರಿಗೊಳಿಸಿದ್ದು ಬ್ಲೂಟೂತ್. ಅಲ್ಲಿ ಟವರಿನಿಂದ ಫೋನಿಗೆ ಬರುವುದೇ ಅರ್ಧ ಮೆಗಾಬಿಟ್. ಒಂದು ಮೆಗಾಬಿಟ್ ಸಾಗಿಸಬಲ್ಲ ಬ್ಲೂಟೂತ್ ಅದಕ್ಕೆ ಅಡ್ಡಿಯೇ ಅಲ್ಲ. ಬ್ಯಾಟರಿಯ ಖರ್ಚೂ ಕಡಿಮೆ: ವೈಫೈ ಹಾಟ್‌ಸ್ಪಾಟಿನಲ್ಲಿ ಗಂಟೆಗೆ ಶೇಕಡ ಹದಿನೆಂಟರಷ್ಟು ಇಳಿದ ನನ್ನ ಫೋನು ಬ್ಲೂಟೂತಿನಲ್ಲಿ ಶೇಕಡ ಹತ್ತಕ್ಕಿಂತ ಕೆಳಗೇ ಇತ್ತು. ಆದರೆ ಮೊದಲ ಸಲ ಜೋಡಿಸುವುದು ತಾಳ್ಮೆ ಬೇಡುತ್ತದೆ. ಎರಡನ್ನೂ ಜೋಡಿ ಮಾಡಿದರಷ್ಟೇ ಸಾಲದು. ಫೋನಿನಲ್ಲಿ `Bluetooth tethering` ಹಾಕಿ, ಲ್ಯಾಪ್‌ಟಾಪಿನ `Devices and Printers` ಪುಟದಲ್ಲಿ ಫೋನಿನ ಚಿತ್ರದ ಮೇಲೆ ಬಲಗುಂಡಿ ಒತ್ತಿ `Connect using`, ಆಮೇಲೆ `Access point` ಆರಿಸಬೇಕು. ಇದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿರಿ.

ತೊಂದರೆ ಎಲ್ಲಿದೆ ಎಂದು ತಿಳಿಯಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಲ್ಯಾಪ್‌ಟಾಪಿನ `Command Prompt` ತೆರೆದು `ipconfig` ಎಂದು ಬರೆದರೆ `Default Gateway` ಎದುರಿಗೆ ಬರುವ ವಿಳಾಸ ಫೋನಿನದು. ಮೊದಲು ಅದನ್ನು, ಆಮೇಲೆ ಹೊರಗಿನ ಒಂದು ವಿಳಾಸವನ್ನು ಕೂಗಿ ನೋಡಬೇಕು. ನನ್ನ ಫೋನಿನಲ್ಲಿ ಹೀಗೆ:

```
ping 192.168.43.1
ping 8.8.8.8
```

ಮೊದಲನೆಯದಕ್ಕೆ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ, ತೊಂದರೆ ಫೋನಿನಿಂದಾಚೆಗಿದೆ. ಆಗ ವೈಫೈ ಬಿಟ್ಟು ಕೇಬಲ್, ಕೇಬಲ್ ಬಿಟ್ಟು ವೈಫೈ ಎಂದು ಬದಲಿಸುವುದು ವ್ಯರ್ಥ; ಫೋನನ್ನು ಕಿಟಕಿಗೆ ಒಯ್ಯಬೇಕು. ಮೊದಲನೆಯದೇ ತಡವರಿಸಿದರೆ ಫೋನಿಗೂ ಲ್ಯಾಪ್‌ಟಾಪಿಗೂ ನಡುವೆ ತೊಡಕಿದೆ. ತುಂಬಿದ ಬೋಗಿಯಲ್ಲಿ ಹತ್ತಾರು ಜನರ ಹಾಟ್‌ಸ್ಪಾಟುಗಳು 2.4 ಗಿಗಾಹರ್ಟ್ಸಿನಲ್ಲೇ ಕಿಕ್ಕಿರಿದಾಗ ನನಗೆ ಹೀಗಾಯಿತು. ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸಿಗೆ ಬದಲಿಸಿದ ಮೇಲೆ ಸರಿಹೋಯಿತು. ಹಳೆಯ ಲ್ಯಾಪ್‌ಟಾಪುಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಪಟ್ಟಿಯಲ್ಲಿ ನಿಮ್ಮ ಫೋನಿನ ಹೆಸರೇ ಬಾರದಿದ್ದರೆ ಇದೇ ಕಾರಣವಿರಬಹುದು.

ಮೂರನೆಯ ಪ್ರಯಾಣದಲ್ಲಿ ಆದದ್ದನ್ನು ನಾನು ಮರೆಯಲಾರೆ. ವೈಫೈ ಸಂಪರ್ಕಕ್ಕೆ `Metered connection` ಹಾಕಿಟ್ಟಿದ್ದೆ. ಡೇಟಾ ಎಣಿಕೆಯದು ಎಂದು ಅದು ವಿಂಡೋಸಿಗೆ ತಿಳಿಸುತ್ತದೆ. ದೊಡ್ಡ ಅಪ್‌ಡೇಟುಗಳು ಆಗ ತಡೆದು ನಿಲ್ಲುತ್ತವೆ. ಹಾಸನದಲ್ಲಿ ಫೋನಿನ ಬ್ಯಾಟರಿ ಇಳಿದಿದ್ದರಿಂದ ಕೇಬಲ್ಲಿಗೆ ಬದಲಾಯಿಸಿದೆ. ಕೇಬಲ್ ಸಂಪರ್ಕ ಲ್ಯಾಪ್‌ಟಾಪಿಗೆ ವೈಫೈ ಆಗಿ ಕಾಣುವುದಿಲ್ಲ, `Ethernet` ಆಗಿ ಕಾಣುತ್ತದೆ. ವೈಫೈಗೆ ಹಾಕಿದ ನಿರ್ಬಂಧ ಅದಕ್ಕೆ ಅನ್ವಯಿಸುವುದಿಲ್ಲ. ಅಪ್‌ಡೇಟುಗಳೂ ಫೋಟೊಗಳನ್ನು ಆನ್‌ಲೈನ್ ಸಂಗ್ರಹಕ್ಕೆ ಏರಿಸುವ ತಂತ್ರಾಂಶವೂ ಒಟ್ಟಿಗೇ ಎದ್ದವು. ಸಕಲೇಶಪುರ ಬರುವ ಮೊದಲೇ ದಿನದ ಒಂದೂವರೆ ಜಿಬಿ ಮುಗಿದು, ವೇಗ 64 ಕಿಲೋಬಿಟ್ಟಿಗೆ ಇಳಿಯಿತು. ಆ ವೇಗದಲ್ಲಿ ಅದೇ ಹನ್ನೆರಡು ಎಂಬಿಯ ಪಿಡಿಎಫಿಗೆ ಇಪ್ಪತ್ತೈದು ನಿಮಿಷ ಬೇಕು. ಅಂದು ಸಂಜೆಯ ಗಡುವು ತಪ್ಪಿತು. ಯಾವ ತಂತ್ರಾಂಶ ಎಷ್ಟು ನುಂಗಿತೆಂದು `Data usage` ಪುಟದಲ್ಲಿ ನೋಡಿ ತಿಳಿದೆ. ಕೇಬಲ್ ಚುಚ್ಚಿರುವಾಗಲೇ `Network & internet` ಒಳಗಿನ `Ethernet` ತೆರೆದು ಅಲ್ಲಿಯೂ `Metered connection` ಹಾಕಬೇಕು. ಬ್ರೌಸರಿನಲ್ಲಿ ನಾವೇ ತೆರೆದ ವಿಡಿಯೊವನ್ನು ಮಾತ್ರ ಇದು ತಡೆಯುವುದಿಲ್ಲ.

ನಾಲ್ಕನೆಯ ಪ್ರಯಾಣದಲ್ಲಿ ಹಾಸನದವರೆಗೆ ಕೇಬಲ್ ಬಳಸಿ ದೊಡ್ಡ ಕಡತಗಳನ್ನೆಲ್ಲ ಇಳಿಸಿಕೊಂಡು ಫೋನನ್ನೂ ತುಂಬಿಸಿಕೊಂಡೆ. ಸಕಲೇಶಪುರದಲ್ಲಿ ಕೇಬಲ್ ತೆಗೆದು, ಬ್ಲೂಟೂತ್ ಜೋಡಿಸಿ, ಫೋನನ್ನು ಕಿಟಕಿಗೆ ಕಳುಹಿಸಿದೆ. ಸುರಂಗಗಳ ನಡುವೆ ಸಿಕ್ಕ ಎರಡೆರಡು ನಿಮಿಷಗಳಲ್ಲಿ ಆರು ಮೇಲ್‌ಗಳು ಹೋದವು. ಸುಬ್ರಹ್ಮಣ್ಯ ರೋಡ್ ಸೇರುವಾಗ ಕಳುಹಿಸಬೇಕಾದದ್ದು ಒಂದೂ ಉಳಿದಿರಲಿಲ್ಲ. ಫೋನಿನಲ್ಲಿ ಇನ್ನೂ ಶೇಕಡ ಎಪ್ಪತ್ತು ಬ್ಯಾಟರಿ ಇತ್ತು.