ಅಮ್ಮನ ಬಿಪಿಗೆ ರಟ್ಟೆ ಮೆಷಿನ್ನಾ, ಮಣಿಕಟ್ಟಿಂದಾ? ಎರಡನ್ನೂ ಬಳಸಿ ಮೂರು ಮಳೆಗಾಲ ಆದ್ಮೇಲೆ

ನಮ್ಮನೆ ಸೋಮವಾರಪೇಟೆಯಿಂದ ಒಳಗೆ, ತೋಟದ ಮಧ್ಯ. ಅಮ್ಮಂಗೆ 78, ಬಿಪಿ ಮಾತ್ರೆ ತಗೊಳ್ಳೋಕೆ ಶುರು ಮಾಡಿ ಹದಿನೈದು ವರ್ಷದ ಮೇಲಾಯ್ತು. ಜುಲೈಯಲ್ಲಿ ಮಳೆ ಹಿಡ್ಕೊಂಡ್ರೆ ಪೇಟೆಗೆ ಕರ್ಕೊಂಡು ಹೋಗೋದೇ ಒಂದು ಯುದ್ಧ, ಅದಕ್ಕೆ ಮೈಸೂರಲ್ಲಿರೋ ಅಕ್ಕ ಮಣಿಕಟ್ಟಿಗೆ ಕಟ್ಟೋ ಮೆಷಿನ್ ಕಳ್ಸಿದ್ಲು. ನಮಗೂ ಖುಷಿ, ಯಾಕಂದ್ರೆ ಮಳೆಗಾಲದಲ್ಲಿ ಅಮ್ಮನ ಮೈಮೇಲೆ ರವಿಕೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಶಾಲು, ಇಷ್ಟನ್ನೂ ಬಿಚ್ಚಿಸೋ ಬದಲು ಮಣಿಕಟ್ಟು ಮಾತ್ರ ಹೊರಗೆ ತೆಗೆದ್ರೆ ಆಯ್ತಲ್ಲ.

ಎಂಟು ತಿಂಗಳು ಅದನ್ನೇ ಬಳಸಿದ್ವಿ. ಮೇಲಿನ ನಂಬರ್ 160, 168, ಒಂದ್ಸಲ 174. ಪುಸ್ತಕದಲ್ಲಿ ಬರೆದಿಟ್ಕೊಂಡು ಡಾಕ್ಟ್ರಿಗೆ ತೋರಿಸ್ದೆ. ಅವರು ನೋಡಿ ಮಾತ್ರೆ ಜಾಸ್ತಿ ಮಾಡೋಣ ಅಂತ ಪೆನ್ ತೆಗೆದವರು ಅಲ್ಲೇ ನಿಲ್ಸಿ, ತಾವೇ ಒಂದ್ಸಲ ನೋಡಿದ್ರು. 144. "ಮೆಷಿನ್ ತಂದಿದೀರಾ? ಮನೇಲಿ ಹೆಂಗೆ ನೋಡ್ತೀರೋ ಹಂಗೇ ನೋಡಿ ತೋರ್ಸಿ" ಅಂದ್ರು. ಅಮ್ಮ ಎಂದಿನಂತೆ ಕೈಯನ್ನ ಮಡಿಲಲ್ಲಿಟ್ಕೊಂಡು ಕೂತ್ಲು. 166 ಬಂತು. ಡಾಕ್ಟ್ರು ನಕ್ಕು ಅಮ್ಮನ ಕೈಯನ್ನ ಎತ್ತಿ ಎದೆಯ ಮಟ್ಟಕ್ಕೆ ಹಿಡಿದು ಮತ್ತೆ ಬಟನ್ ಒತ್ತಿದ್ರು. 149.

ಇದರಲ್ಲಿ ಮೋಸ ಏನಿಲ್ಲ, ನೀರಿನ ಲೆಕ್ಕ. ಟ್ಯಾಂಕಿಂದ ನಲ್ಲಿ ಎಷ್ಟು ಕೆಳಗಿದ್ರೆ ಪ್ರೆಶರ್ ಅಷ್ಟು ಜಾಸ್ತಿ ಅಲ್ವಾ, ರಕ್ತಕ್ಕೂ ಅಷ್ಟೇ. ಅಳೆಯೋ ಜಾಗ ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ರೆ 7ರಿಂದ 8 ಪಾಯಿಂಟ್ ಜಾಸ್ತಿ ತೋರಿಸತ್ತೆ, ಮೇಲಿದ್ರೆ ಅಷ್ಟೇ ಕಮ್ಮಿ. ಮನೆಗೆ ಬಂದು ಟೈಲರಿಂಗ್ ಟೇಪ್ ಹಿಡಿದು ನೋಡ್ದೆ, ಕುರ್ಚಿಯಲ್ಲಿ ಕೂತಾಗ ಅಮ್ಮನ ಎದೆ ಮಧ್ಯದಿಂದ ಮಡಿಲಲ್ಲಿರೋ ಮಣಿಕಟ್ಟಿಗೆ 23 ಸೆಂಟಿಮೀಟರ್. ಅಂದ್ರೆ 17-18 ಪಾಯಿಂಟ್ ಸುಮ್ನೆ ಸೇರ್ಕೊಂಡಿತ್ತು. 166ರಲ್ಲಿ ಅದನ್ನ ಕಳೀರಿ, ಡಾಕ್ಟ್ರು ಕೈ ಎತ್ತಿ ಹಿಡಿದಾಗ ಬಂದ 149ರ ಹತ್ರಾನೇ ಬರತ್ತೆ.

ಹಂಗಾದ್ರೆ ಕೈ ಎತ್ತಿ ಹಿಡಿದ್ರೆ ಮುಗೀತಲ್ಲ ಅಂತ ನಾನೂ ಅಂದ್ಕೊಂಡೆ. ಒಂದು ವಾರ ಪ್ರಯತ್ನ ಪಟ್ವಿ. ಅಮ್ಮನ ಕೈ ನಡುಗತ್ತೆ, ಗಂಟುನೋವು ಬೇರೆ, ಮಣಿಕಟ್ಟು ನೆಟ್ಟಗೆ ನಿಲ್ಲಲ್ಲ, ಸ್ವಲ್ಪ ಒಳಗೆ ಬಾಗತ್ತೆ, ಬಾಗಿದ್ರೂ ರೀಡಿಂಗ್ ಬದಲಾಗತ್ತೆ. ದಿಂಬಿಟ್ರೆ ದಿಂಬು ಕುಸಿಯತ್ತೆ. ಬೆಳಗ್ಗೆ ಬೆರಳೆಲ್ಲ ಮಂಜುಗಡ್ಡೆ ಆಗಿರೋವಾಗಂತೂ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿದ್ರೆ 157, 141. ಯಾವುದನ್ನ ಬರ್ಕೊಳ್ಳೋದು? ಮೆಷಿನ್ ಕೆಟ್ಟಿದೆ ಅಂತ ನಾನು ಹೇಳಲ್ಲ, ಕೈಯನ್ನ ಸರಿಯಾಗಿ ಇಟ್ಕೊಳ್ಳೋಕೆ ಆಗೋರಿಗೆ ಅದು ಸರೀನೇ ತೋರಿಸಬಹುದು. ನಮ್ಮಮ್ಮಂಗೆ ಆ ಭಂಗಿ ಆಗಲ್ಲ ಅಷ್ಟೇ. ರಟ್ಟೆ ಮೆಷಿನ್ನಲ್ಲಿ ಈ ತಲೆನೋವು ತುಂಬ ಕಮ್ಮಿ, ಮೇಜಿನ ಮೇಲೆ ಕೈ ಇಟ್ರೆ ರಟ್ಟೆ ತಾನಾಗೇ ಹೆಚ್ಚುಕಮ್ಮಿ ಎದೆಯ ಮಟ್ಟಕ್ಕೆ ಬರತ್ತೆ.

ಸರಿ, ರಟ್ಟೆ ಮೆಷಿನ್ ತಗೊಳ್ಳೋದು ಅಂತಾಯ್ತು. ಯಾವ ಕಂಪನಿ ಅಂತ ಕೇಳ್ಬೇಡಿ, ಯಾಕಂದ್ರೆ ಕಂಪನಿ ನೋಡಿ ತಗೊಳ್ಳೋ ವಸ್ತು ಅಲ್ಲ ಇದು, ಮಾಡೆಲ್ ನಂಬರ್ ನೋಡಿ ತಗೋಬೇಕು. ಒಂದೇ ಕಂಪನಿಯ ಒಂದು ಮಾಡೆಲ್ ಪರೀಕ್ಷೆಗೆ ಹೋಗಿ ಪಾಸಾಗಿರತ್ತೆ, ಪಕ್ಕದಲ್ಲಿರೋದು ಹೋಗೇ ಇರಲ್ಲ. ಪರೀಕ್ಷೆ ಅಂದ್ರೆ ISO 81060-2 ಅಂತ ಒಂದು ಸ್ಟ್ಯಾಂಡರ್ಡ್, ಸಾಮಾನ್ಯವಾಗಿ 85 ಜನಕ್ಕೆ ಒಂದೇ ರಟ್ಟೆಯಲ್ಲಿ ಮೆಷಿನ್ನಿಂದ ಒಮ್ಮೆ, ಸ್ಟೆತಾಸ್ಕೋಪ್ ಹಿಡಿದ ಇಬ್ಬರಿಂದ ಒಮ್ಮೆ, ಹೀಗೆ ಬದಲಾಯಿಸಿ ಬದಲಾಯಿಸಿ ನೋಡ್ತಾರೆ, ಸರಾಸರಿ ವ್ಯತ್ಯಾಸ 5 ಪಾಯಿಂಟ್ ದಾಟಬಾರದು. ಪಾಸಾದ ಮಾಡೆಲ್‌ಗಳ ಪಟ್ಟಿ stridebp.org ನಲ್ಲಿದೆ, ನಂಬರ್ ಒಂದಕ್ಷರ ಬದಲಾಗದ ಹಾಗೆ ಹೊಂದಿಸಿ ನೋಡಿ. ಡಬ್ಬದ ಮೇಲೆ ಸಿಇ ಗುರುತು ಇದ್ದ ಮಾತ್ರಕ್ಕೆ ಈ ಪರೀಕ್ಷೆ ಆಗಿದೆ ಅಂತ ಅರ್ಥ ಅಲ್ಲ. ಅಂಗಡಿಯವರು ನಂಗೆ ಮೂರು ಮೆಷಿನ್ ತೋರಿಸಿದ್ರು, ಮೂರಕ್ಕೂ "ಇದೇ ಜಾಸ್ತಿ ಹೋಗೋದು ಸಾರ್" ಅಂದ್ರು. ಪಟ್ಟಿಯಲ್ಲಿದ್ದಿದ್ದು ಒಂದೇ.

ಇಲ್ಲಿಗೆ ಎಲ್ಲ ಸರಿ ಹೋಯ್ತು ಅಂದ್ಕೊಂಡಿದ್ದೆ, ಆದ್ರೆ ಎರಡನೇ ತಪ್ಪು ಮಾಡಿದ್ದೇ ಇಲ್ಲಿ. ಹೊಸ ಮೆಷಿನ್ 132, 134 ಅಂತ ತೋರಿಸೋಕೆ ಶುರು ಮಾಡ್ತು. ಮನೇಲಿ ಎಲ್ರಿಗೂ ಸಮಾಧಾನ, ನೋಡಿದ್ರಾ ಅಮ್ಮಂಗೆ ಬಿಪಿನೇ ಇಲ್ಲ ಅಂತ. ನಂಗೆ ಮಾತ್ರ ಡಾಕ್ಟ್ರು ನೋಡಿದ 144 ತಲೇಲಿ ಕೊರೀತಿತ್ತು. ಒಂದಿನ ಗಾಳಿ ತುಂಬೋ ಬಟ್ಟೆ ಪಟ್ಟಿನ ರಟ್ಟೆಗೆ ಸುತ್ತುವಾಗ ಗಮನಿಸ್ದೆ, ಅದರ ಮೇಲೆ 22–32 ಸೆಂ.ಮೀ. ಅಂತ ಬರೆದಿದೆ, ಅಮ್ಮನ ರಟ್ಟೆ ಮೇಲೆ ಅದು ಅಣ್ಣನ ಶರ್ಟ್ ತಮ್ಮ ಹಾಕ್ಕೊಂಡಂಗೆ ಕೂತಿದೆ. ಭುಜದ ಮೂಳೆಗೂ ಮೊಣಕೈಗೂ ನಟ್ಟನಡುವೆ ಗುರುತು ಹಾಕಿ, ಕೈ ಸಡಿಲ ಬಿಡೋಕೆ ಹೇಳಿ ಟೇಪ್ ಸುತ್ತಿದ್ರೆ 20.5. ವಯಸ್ಸಾದ್ಮೇಲೆ ರಟ್ಟೆ ಕರಗಿಹೋಗಿದೆ, ಸ್ವೆಟರ್ ಒಳಗೆ ನಾವು ಯಾರೂ ನೋಡಿರ್ಲಿಲ್ಲ.

ರಟ್ಟೆಗೆ ಪಟ್ಟಿ ದೊಡ್ಡದಾದ್ರೆ ಬಿಪಿ ಕಮ್ಮಿ ತೋರಿಸತ್ತೆ, ಚಿಕ್ಕದಾದ್ರೆ ಜಾಸ್ತಿ. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು ಇದನ್ನೇ ಅಳೆದು ನೋಡಿದ್ರು: ಸಣ್ಣ ಪಟ್ಟಿ ಬೇಕಿದ್ದೋರಿಗೆ ಮಾಮೂಲಿ ಪಟ್ಟಿ ಹಾಕಿದ್ರೆ ಸರಾಸರಿ 3.6 ಪಾಯಿಂಟ್ ಕಮ್ಮಿ ಬಂತು, ಅದೇ ತೀರಾ ದಪ್ಪ ರಟ್ಟೆಯೋರಿಗೆ ಮಾಮೂಲಿ ಪಟ್ಟಿ ಹಾಕಿದಾಗ 19.5 ಜಾಸ್ತಿ. ಅಮ್ಮನ ಪಟ್ಟಿ ದೊಡ್ಡದಾಗಿದ್ದಷ್ಟೇ ಅಲ್ಲ, ಸಡಿಲವಾಗೂ ಜಾರ್ತಿತ್ತು. 17–22ರ ಸಣ್ಣ ಪಟ್ಟಿ ಬೇರೆ ತರಿಸ್ಬೇಕಾಯ್ತು. ಎಲ್ಲ ಮಾಡೆಲ್‌ಗೂ ಅದು ಸಿಗಲ್ಲ, ಒಂದರ ಪಟ್ಟಿ ಇನ್ನೊಂದಕ್ಕೆ ಪೈಪು ಕೂತ್ರೂ ಹಾಕ್ಬಾರ್ದು. ನಮ್ಮ ಪುಣ್ಯಕ್ಕೆ ಸಿಕ್ತು, ಇಲ್ದಿದ್ರೆ ಆ ಮೆಷಿನ್ನೂ ಬೀರು ಸೇರ್ತಿತ್ತು. ಅದಕ್ಕೇ ಹೇಳೋದು, ಅಂಗಡಿಗೆ ಹೋಗೋ ಮುಂಚೆ ಟೇಪ್ ಹಿಡೀರಿ.

ಸಣ್ಣ ಪಟ್ಟಿ ಬಂದ ಮೇಲೆ ಮೆಷಿನ್ನನ್ನ ಚೀಲದಲ್ಲಿ ಹಾಕ್ಕೊಂಡು ಅಮ್ಮನ್ನ ಕರ್ಕೊಂಡು ಮತ್ತೆ ಡಾಕ್ಟ್ರ ಹತ್ರ ಹೋದೆ. ಪರೀಕ್ಷೆ ಪಾಸಾಗಿರೋದು 85 ಜನರ ಸರಾಸರಿಗೆ, ನಮ್ಮಮ್ಮನ ಗಟ್ಟಿಯಾದ ರಕ್ತನಾಳಕ್ಕೆ ಹೊಂದತ್ತೋ ಇಲ್ವೋ ಅವಳ ಕೈಯಲ್ಲೇ ನೋಡ್ಬೇಕು. ಮೊದಲು ಎರಡೂ ರಟ್ಟೆ ನೋಡಿದ್ರು, ಎರಡರ ಮಧ್ಯೆ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಜಾಸ್ತಿ ಇರೋ ಕಡೇನೇ ಯಾವಾಗ್ಲೂ ನೋಡ್ಬೇಕಂತೆ, ಅಮ್ಮಂಗೆ ಅಷ್ಟಿರ್ಲಿಲ್ಲ. ಆಮೇಲೆ ಐದು ನಿಮಿಷ ಸುಮ್ನೆ ಕೂರಿಸಿ ಎಡ ರಟ್ಟೆಯಲ್ಲೇ ಒಂದೊಂದು ನಿಮಿಷ ಬಿಟ್ಟು: ನಮ್ಮ ಮೆಷಿನ್ 152, ಮತ್ತೆ ನಮ್ಮದೇ 146, ಡಾಕ್ಟ್ರು ಸ್ಟೆತಾಸ್ಕೋಪ್ ಇಟ್ಟು 143, ನಮ್ಮದು 144, ಡಾಕ್ಟ್ರು 140. ಮೊದಲನೇ 152 ಬಿಟ್ಬಿಡಿ, ಮೊದಲ ಸಲ ಸಾಮಾನ್ಯವಾಗಿ ಸ್ವಲ್ಪ ಏರಿರತ್ತೆ. ಉಳಿದಿದ್ದರಲ್ಲಿ ವ್ಯತ್ಯಾಸ 3, 4. 5ರ ಒಳಗಿದ್ರೆ ಧೈರ್ಯವಾಗಿ ಬಳಸಿ, 10 ದಾಟಿದ್ರೆ ಬೇರೆ ನೋಡಿ, ಮಧ್ಯದಲ್ಲಿದ್ರೆ ಇನ್ನೊಂದ್ಸಲ ಹೋಲಿಸೋಣ ಅಂತ ಡಾಕ್ಟ್ರು ಹೇಳಿದ್ರು.

ಆಮೇಲೆ ಏಳು ದಿನದ ಲೆಕ್ಕ. ಬೆಳಗ್ಗೆ ಎದ್ದು ಬಾತ್ರೂಮಿಗೆ ಹೋಗಿ ಬಂದು, ಮಾತ್ರೆಗೂ ಬೆಲ್ಲದ ಕಾಫಿಗೂ ಮುಂಚೆ ಎರಡು ಸಲ, ರಾತ್ರಿ ಊಟಕ್ಕೆ ಮುಂಚೆ ಎರಡು ಸಲ. ಕಾಫಿ ನಾಡಲ್ಲಿ ಹುಟ್ಟಿದೋಳಿಗೆ ಕಾಫಿ ತಡ ಮಾಡಿಸೋದು ಸುಲಭ ಅಲ್ಲ, ಮೊದಲ ಎರಡು ದಿನ ನಂಗೆ ಬೈಗುಳ. ಸ್ವೆಟರ್ ತೋಳನ್ನ ಮೇಲಕ್ಕೆ ಸುತ್ತಿದ್ರೆ ಅದೇ ಹಗ್ಗ ಬಿಗಿದಂಗೆ ಆಗತ್ತೆ, ಅದಕ್ಕೆ ಒಲೆ ಹತ್ರ ಬೆಚ್ಚಗಿರೋ ಜಾಗದಲ್ಲಿ ಕುರ್ಚಿ ಹಾಕಿ ಒಂದು ತೋಳು ಪೂರ್ತಿ ಹೊರಗೆ ತೆಗೆಸ್ತೀವಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಬಾಯಿ ಮುಚ್ಚಿ. ಈ ಕೊನೇದೇ ಕಷ್ಟ, ಗಾಳಿ ತುಂಬ್ತಾ ಇರೋವಾಗ್ಲೇ ಕಿಟಕಿಯಿಂದ "ಆ ಮೆಣಸಿನ ಬಳ್ಳಿ ಕಟ್ಟಿದ್ರೇನೋ" ಅಂತ ಕೂಗ್ತಾಳೆ, ಆ ರೀಡಿಂಗ್ ಹೊಡೆದುಹಾಕಿ ಮತ್ತೆ ನೋಡ್ಬೇಕು. ಮೊದಲ ದಿನದ್ದು ಬಿಟ್ಟು ಉಳಿದ 24 ರೀಡಿಂಗ್ ಸರಾಸರಿ 137/74. ಮನೇಲಿ ನೋಡೋದಕ್ಕೆ ಗೆರೆ 135/85, ಅಂದ್ರೆ ಮೇಲಿನ ನಂಬರ್ ಮಾತ್ರ ಒಂಚೂರು ಜಾಸ್ತಿ.

ಡಾಕ್ಟ್ರು ಅಷ್ಟಕ್ಕೆ ಮಾತ್ರೆ ಏರಿಸ್ಲಿಲ್ಲ. ಬೆಳಗ್ಗೆ ಎದ್ದಾಗ ತಲೆ ಸುತ್ತತ್ತೆ ಅಂತ ಅಮ್ಮ ಹೇಳಿದ್ದಕ್ಕೆ ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದ್ರು, ಕೂತಾಗ 138 ಇದ್ದಿದ್ದು ನಿಂತಾಗ 116. 20ಕ್ಕಿಂತ ಜಾಸ್ತಿ ಇಳಿದ್ರೆ ಬೀಳೋ ಭಯ. ಮಡಿಲಲ್ಲಿ ಕೈ ಇಟ್ಟು ನೋಡಿದ 168 ನಂಬಿ ಮಾತ್ರೆ ಏರಿಸಿದ್ರೆ ನಮ್ಮ ಜಾರೋ ಅಂಗಳದಲ್ಲಿ ಏನಾಗ್ತಿತ್ತೋ. ಈಗ ವಾರಕ್ಕೊಂದ್ಸಲ ನಿಂತಾಗಿಂದೂ ಬರೀತೀವಿ.

ಎರಡೂವರೆ ವರ್ಷದಲ್ಲಿ ರಟ್ಟೆ ಮೆಷಿನ್ ಕೊಟ್ಟ ಕಾಟ: ಮೊದಲ ಮಳೆಗಾಲ ಸೆಲ್ ಒಳಗೇ ಬಿಟ್ಟಿದ್ದಕ್ಕೆ ಅದು ಸೋರಿ ಸ್ಪ್ರಿಂಗಿಗೆ ಹಸಿರು ಹಿಡೀತು, ಉಪ್ಪುಕಾಗದದಲ್ಲಿ ಉಜ್ಜಿದ್ಮೇಲೆ ಸರಿ ಆಯ್ತು. ಕರೆಂಟು ನೆಚ್ಕೊಂಡು ಅಡಾಪ್ಟರ್ ಒಂದನ್ನೇ ಇಟ್ಕೊಳ್ಳೋಕೂ ಇಲ್ಲಿ ಆಗಲ್ಲ. ಎರಡನೇ ವರ್ಷ ಪಟ್ಟಿಯ ಅಂಟು ಸವೆದು ಗಾಳಿ ತುಂಬುವಾಗ ಚರ್ ಅಂತ ಬಿಚ್ಕೊಳ್ಳೋಕೆ ಶುರು ಆಯ್ತು, ಹೊಸ ಪಟ್ಟಿ ತಂದ್ವಿ. ವರ್ಷಕ್ಕೊಂದ್ಸಲ ಡಾಕ್ಟ್ರ ಹತ್ರ ಹೋಲಿಸ್ತೀವಿ, ಕಳೆದ ಸಲವೂ 5ರ ಒಳಗೇ ಇತ್ತು. ಹೃದಯದ ಬಡಿತ ಏರುಪೇರು ಇರೋರಿಗೆ ಮಾತ್ರ ಒಂದು ಮಾತು, ರಟ್ಟೆಯದಾದ್ರೂ ಒಂದೆರಡು ರೀಡಿಂಗ್ ನಂಬೋಕಾಗಲ್ಲ, ಮೂರಾದ್ರೂ ನೋಡಿ ಸರಾಸರಿ ತಗೋಬೇಕು.

ಮಣಿಕಟ್ಟಿನ ಮೆಷಿನ್ ಎಸೆದಿಲ್ಲ. ನಮ್ಮ ಪಕ್ಕದ ತೋಟದ ಅತ್ತೆಗೆ ರಟ್ಟೆ ತುಂಬ ದಪ್ಪ, ಮೇಲೆ ಅಗಲ ಕೆಳಗೆ ಕಿರಿದು, ದೊಡ್ಡ ಪಟ್ಟಿಯೂ ಜಾರಿ ಮೊಣಕೈಗೆ ಬರತ್ತೆ, ಅವ್ರ ಕೈ ನಡುಗಲ್ಲ. ಡಾಕ್ಟ್ರ ಹತ್ರ ಹೋಲಿಸಿ ನೋಡಿ, ಎದೆ ಮಟ್ಟಕ್ಕೆ ಕೈ ಇಟ್ಕೊಳ್ಳೋದು ಕಲಿತು, ಈಗ ಅವ್ರೇ ಬಳಸ್ತಿದಾರೆ. ಅಕ್ಕಂಗೆ ಇನ್ನೂ ಹೇಳಿಲ್ಲ.