ಟಿಳಕವಾಡಿಯ ನಮ್ಮ ಡೇ-ಕೇರ್: ಒಂದೂವರೆ ವರ್ಷ ಮಗಳನ್ನು ಬಿಟ್ಟ ಮೇಲೆ ಬರೆದದ್ದು

ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳಿದ್ದಾಗ ಬೆಳಗಾವಿಯ ಟಿಳಕವಾಡಿಯಲ್ಲಿರುವ ಈ ಡೇ-ಕೇರ್‌ಗೆ ಸೇರಿಸಿದೆ. ಈಗ ಅವಳಿಗೆ ಮೂರು ತುಂಬುತ್ತಾ ಬಂತು. ನನ್ನದು ಬ್ಯಾಂಕ್ ಕೆಲಸ, ಬೆಳಿಗ್ಗೆ ಬಿಟ್ಟರೆ ಕರೆದುಕೊಂಡು ಬರುವುದು ಸಂಜೆ ಆರಕ್ಕೆ.

ಸೇರಿಸುವ ಮುಂಚೆ ಇನ್ನೂ ಕೆಲವು ಕಡೆ ಹೋಗಿ ನೋಡಿದ್ದೆ. ಎಲ್ಲರೂ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳುತ್ತಾರೆ. ಆ ಹೊತ್ತಿಗೆ ಮಕ್ಕಳು ಆಡುತ್ತಿರುತ್ತವೆ, ಕೋಣೆ ಗುಡಿಸಿರುತ್ತದೆ. ನಾನು ಕೇಳಿದ್ದು ಮಧ್ಯಾಹ್ನ ಹನ್ನೆರಡರಿಂದ ಎರಡರ ಬಗ್ಗೆ. ಊಟ, ಡೈಪರ್, ನಿದ್ದೆ ಎಲ್ಲವೂ ಒಟ್ಟಿಗೆ ಬರುವ ಹೊತ್ತು ಅದು. ಮಕ್ಕಳನ್ನು ನೋಡಿಕೊಳ್ಳುವ ಮಾವಶಿಯರು ತಾವು ಉಣ್ಣುವುದೂ ಆಗಲೇ. ಒಂದು ಕಡೆ ‘ನಮ್ಮಲ್ಲಿ ಐದು ಮಂದಿ ಸ್ಟಾಫ್ ಅದಾರ್ರಿ’ ಅಂದರು. ಬಿಡಿಸಿ ಕೇಳಿದರೆ ಆ ಐದರಲ್ಲಿ ಅಡುಗೆಯವರು, ಕಾವಲುಗಾರ, ಆಫೀಸಿನವರು ಎಲ್ಲ ಸೇರಿದ್ದರು. ಕೂಸುಗಳ ಕೋಣೆಯಲ್ಲಿ ಉಳಿಯುವವರು ಇಬ್ಬರೇ, ಒಬ್ಬರು ಡೈಪರ್ ಬದಲಿಸಲು ಹೋದರೆ ಒಬ್ಬರೇ. ನಮ್ಮ ದೇಶದ 2013ರ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರಿರಬೇಕು ಅನ್ನುತ್ತದೆ. ನನ್ನ ಲೆಕ್ಕದಲ್ಲಿ ಅದೂ ಹೆಚ್ಚೇ. ನಡೆಯಲು ಕಲಿತ ಹತ್ತು ಕೂಸುಗಳನ್ನು ಒಬ್ಬರೇ ಹಿಡಿಯುವುದು ಕಷ್ಟ. ಆದ್ದರಿಂದ ರಿಜಿಸ್ಟರಿನ ಲೆಕ್ಕ ಕೇಳಬೇಡಿ. ‘ಒಬ್ಬರು ಡೈಪರ್ ಬದಲಿಸುವಾಗ ಉಳಿದ ಮಕ್ಕಳನ್ನು ಯಾರು ನೋಡ್ತಾರೆ?’ ಅಂತ ಕೇಳಿ. ಈಗಿರುವ ಕಡೆ ಮೇಡಮ್ ತಕ್ಷಣ ಒಬ್ಬರ ಹೆಸರು ಹೇಳಿದರು. ಆಮೇಲೆ ಹೇಳದೆ ಕೇಳದೆ ಒಂದು ಮಧ್ಯಾಹ್ನ ಹೋದೆ, ಅವರೇ ಕೂತಿದ್ದರು.

ಮೊದಲ ವರ್ಷದಲ್ಲೇ ಮಗಳ ತೋಳಿನ ಮೇಲೆ ಇನ್ನೊಂದು ಮಗುವಿನ ಹಲ್ಲಿನ ಗುರುತು ಬಿತ್ತು. ಅದನ್ನು ನಾನು ಕಾಣುವ ಮುಂಚೆಯೇ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಮಾವಶಿ ಹೇಳಿದರು: ‘ಅಕ್ಕಾರ, ಇವತ್ತ ಊಟಕ್ಕಿಂತ ಮೊದಲ ಒಂದು ಕೂಸು ಕಚ್ಚೇತ್ರಿ. ಸಾಬೂನ ಹಚ್ಚಿ ತೊಳದು ತಣ್ಣೀರ ಬಟ್ಟಿ ಇಟ್ಟೀವಿ. ತೊಗಲ ಹರದಿಲ್ಲ.’ ವಹಿಯಲ್ಲಿ ಸಮಯ ಬರೆದಿತ್ತು, ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ. ಕಚ್ಚಿದ ಮಗು ಯಾರದು ಅಂತ ಹೇಳಲಿಲ್ಲ, ಹೇಳಬಾರದು ಕೂಡ. ಮಾತು ಇನ್ನೂ ಬಾರದ ವಯಸ್ಸಿನಲ್ಲಿ ಹಸಿವಾದಾಗ, ಆಟಿಕೆ ಕಸಿದುಕೊಂಡಾಗ ಮಕ್ಕಳು ಕಚ್ಚುವುದು ಸಾಮಾನ್ಯ. ಕೆಲವೇ ದಿನಗಳಲ್ಲಿ ಇನ್ನೊಂದು ಕೂಸಿಗೂ ಹಾಗೇ ಆಯಿತು. ಮೇಡಮ್ ವಹಿ ತಿರುವಿ ನೋಡಿದರು, ಎರಡೂ ಸಲ ಸಮಯ ಹೆಚ್ಚುಕಡಿಮೆ ಒಂದೇ. ಆ ಹೊತ್ತಿಗೆ ಒಬ್ಬ ಮಾವಶಿ ಅಡುಗೆಮನೆಗೆ ಹೋಗುತ್ತಿದ್ದರು, ಮಕ್ಕಳು ಹಸಿದಿರುತ್ತಿದ್ದವು. ಅಡುಗೆಯವರೇ ತಾಟು ತಂದುಕೊಡುವಂತೆ ಮಾಡಿ, ಊಟವನ್ನು ಅರ್ಧ ತಾಸು ಮುಂಚೆ ಹಾಕಿದರು. ಕಚ್ಚುವುದು ಬಹುತೇಕ ನಿಂತಿತು. ನೀವೂ ನೋಡಲು ಹೋದಾಗ ‘ಕೊನೆಯ ಸಲ ಮಗು ಬಿದ್ದಾಗ ಏನು ಮಾಡಿದಿರಿ, ಎಲ್ಲಿ ಬರೆದಿಟ್ಟಿದ್ದೀರಿ?’ ಅಂತ ಕೇಳಿ. ಯಾವತ್ತೂ ಏನೂ ಆಗಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಮಕ್ಕಳಿರುವಲ್ಲಿ ಬೀಳುವುದು, ಕಚ್ಚುವುದು ಇದ್ದೇ ಇರುತ್ತದೆ.

ಊಟದ ವಿಷಯ. ನಮ್ಮ ಕಡೆ ಶೇಂಗಾ ಇಲ್ಲದ ಮನೆ ಇಲ್ಲ, ಡಬ್ಬಿಯಲ್ಲಿ ಹುರಿದ ಶೇಂಗಾ, ಶೇಂಗಾ ಉಂಡಿ ಬರುತ್ತಲೇ ಇರುತ್ತವೆ. ಇಡೀ ಕಾಳು ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಉಸಿರುನಾಳಕ್ಕೂ ಹೋಗಬಹುದು. ಇಲ್ಲಿ ಕಾಳು ಕಂಡರೆ ತೆಗೆದಿಟ್ಟು, ಸಂಜೆ ಡಬ್ಬಿಯಲ್ಲೇ ವಾಪಸ್ ಕೊಡುತ್ತಾರೆ. ನುಣ್ಣಗಿನ ಶೇಂಗಾ ಹಿಂಡಿ ಕಲಸಿದ ಅನ್ನಕ್ಕೆ ಅಡ್ಡಿ ಇಲ್ಲ. ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿಯೇ ಕೊಡುತ್ತಾರೆ. ಯಾರೂ ಹೇಳಿಕೊಡದೆ ಇದನ್ನು ಮಾಡುವವರು ಉಳಿದದ್ದನ್ನೂ ನೋಡಿಕೊಳ್ಳುತ್ತಾರೆ ಅನ್ನುವ ಧೈರ್ಯ ನನಗೆ ಬಂದದ್ದು ಅಲ್ಲಿ.

ಕ್ಯಾಮೆರಾ ಇದೆ, ಮೊಬೈಲ್‌ನಲ್ಲಿ ನೋಡಬಹುದು. ಆದರೆ ಅಳುವ ಕೂಸನ್ನು ಯಾರು ಎಷ್ಟು ಬೇಗ ಎತ್ತಿಕೊಂಡರು ಅನ್ನುವುದು ಒಂದು ಮೂಲೆಯ ಕ್ಯಾಮೆರಾದಲ್ಲಿ ಪೂರ್ತಿ ಕಾಣುವುದಿಲ್ಲ.

ಬೇಸರದ ಸಂಗತಿಯೂ ಇದೆ. ಮಗಳು ಹೆಚ್ಚು ಹಚ್ಚಿಕೊಂಡಿದ್ದ ಮಾವಶಿ ಕೆಲಸ ಬಿಟ್ಟದ್ದನ್ನು ನಮಗೆ ಮೊದಲೇ ತಿಳಿಸಲಿಲ್ಲ. ಮಗಳು ಆ ವಾರವೆಲ್ಲ ಬೆಳಿಗ್ಗೆ ಬಾಗಿಲಲ್ಲೇ ಅತ್ತಳು, ಮಧ್ಯಾಹ್ನ ಮಲಗಲಿಲ್ಲ. ಮಾವಶಿಯರು ಎಷ್ಟು ವರ್ಷದಿಂದ ಇದ್ದಾರೆ, ಬಿಡುವವರಿದ್ದರೆ ಹೊಸಬರು ಕೆಲವು ದಿನ ಅವರ ಜೊತೆ ಇರುತ್ತಾರೋ ಎಂದು ಸೇರಿಸುವಾಗಲೇ ಕೇಳಿಕೊಳ್ಳಿ. ನಾನು ಹೇಳಿದ ಮೇಲೆ ಈಗ ಮೊದಲೇ ತಿಳಿಸುತ್ತಿದ್ದಾರೆ.

ಫೀ ಈ ಭಾಗದ ಉಳಿದ ಕಡೆಗಿಂತ ಜಾಸ್ತಿ, ಆರು ದಾಟಿದರೆ ಬೇರೆ ಹಣ. ಜ್ವರ ಇದ್ದರೆ ಸೇರಿಸಿಕೊಳ್ಳುವುದಿಲ್ಲ, ಚೀಟಿ ಬರೆದುಕೊಡದೆ ಔಷಧಿ ಹಾಕುವುದಿಲ್ಲ, ಇವೆರಡೂ ನನಗೆ ಸರಿ ಅನಿಸಿವೆ. ಶನಿವಾರ ಮಾತ್ರ ಕೋಣೆಯಲ್ಲಿ ಒಬ್ಬರೇ ಮಾವಶಿ, ದೊಡ್ಡ ಮಕ್ಕಳೂ ಅಲ್ಲೇ. ಹಾಗಾಗಿ ನನಗೆ ಕೆಲಸ ಇರುವ ಶನಿವಾರ ಮಗಳನ್ನು ಅಜ್ಜಿಯ ಹತ್ತಿರವೇ ಬಿಡುತ್ತೇನೆ.