ತಂಪು ಕನ್ನಡಕ ಹಾಕಿದೊಡನೆ ಮಾಯವಾದ ವೇಗದ ಅಂಕಿ: ಹೆಡ್-ಅಪ್ ಡಿಸ್‌ಪ್ಲೇ ಜೊತೆ 14 ತಿಂಗಳು

ವಾರಕ್ಕೆ ಮೂರು ದಿನ ಕೊಪ್ಪಳದಿಂದ ಹೊಸಪೇಟೆ, ತೋರಣಗಲ್ಲು ದಾಟಿ ಬಳ್ಳಾರಿಗೆ ಹೋಗಿ ಬರುತ್ತೇನೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ; ಎರಡು ಹೊತ್ತೂ ಸೂರ್ಯ ನೇರ ಕಣ್ಣಿಗೇ. ಕಳೆದ ಬೇಸಿಗೆಯಲ್ಲಿ ಒಳ್ಳೆಯ ಪೋಲರೈಸ್ಡ್ ಕನ್ನಡಕ ಕೊಂಡೆ. ಮರುದಿನವೇ ಕಾರಿನ ಹೆಡ್-ಅಪ್ ಡಿಸ್‌ಪ್ಲೇ ಮುಂಗಾಜಿನ ಮೇಲೆ ತೋರಿಸುತ್ತಿದ್ದ ವೇಗದ ಅಂಕಿ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಬೆಳಕನ್ನು ಪೂರ್ತಿ ಏರಿಸಿದೆ, ಚಿತ್ರವನ್ನು ಮೇಲೆ ಕೆಳಗೆ ಸರಿಸಿದೆ, ಪ್ರಯೋಜನವಾಗಲಿಲ್ಲ. ಯಂತ್ರ ಕೆಟ್ಟಿದೆ ಎಂದು ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಸೀಟಿನಲ್ಲಿ ಕುಳಿತು ನೋಡಿದ ಹುಡುಗ, "ಸರ್, ನನಗೆ ಚೆನ್ನಾಗಿ ಕಾಣುತ್ತಿದೆ. ನೀವು ಕನ್ನಡಕ ತೆಗೆದು ನೋಡಿ" ಎಂದ. ಅಷ್ಟೇ ವಿಷಯ.

ಕಾರಣ ಹೀಗಿದೆ. ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ಪರದೆಯ ಬೆಳಕು ಕನ್ನಡಿಗಳ ಮೂಲಕ ಬಂದು ಓರೆಯಾದ ಮುಂಗಾಜಿಗೆ ಬಡಿದು ಕಣ್ಣಿಗೆ ಮರಳುತ್ತದೆ. ಆ ಓರೆಯಲ್ಲಿ ಪ್ರತಿಫಲಿಸುವ ಬೆಳಕು ಬಹುಪಾಲು ಅಡ್ಡಡ್ಡವಾಗಿಯೇ ಕಂಪಿಸುತ್ತಿರುತ್ತದೆ. ತುಂಗಭದ್ರೆಯ ನೀರಿನ ಮೇಲೆ, ಕಾದ ಡಾಂಬರಿನ ಮೇಲೆ ಮಿನುಗಿ ಕಣ್ಣು ಕುಕ್ಕುವ ಬೆಳಕೂ ಇದೇ ಜಾತಿಯದು. ಅದನ್ನು ತಡೆಯಲೆಂದೇ ಪೋಲರೈಸ್ಡ್ ಕನ್ನಡಕವಿದೆ. ನೀರಿನ ಥಳಕನ್ನು ತಡೆಯುವಾಗ ವೇಗದ ಅಂಕಿಯನ್ನೂ ತಡೆಯುತ್ತದೆ. ಬೆಳಕು ಏರಿಸಿದರೂ ಕಾಣದಿದ್ದುದು ಅದಕ್ಕೇ.

ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಕನ್ನಡಕವನ್ನು ಕೈಯಲ್ಲಿ ಹಿಡಿದು ಅದರ ಮೂಲಕ ಅಂಕಿಯನ್ನು ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಮಾಯವಾಗಿದ್ದ ಅಂಕಿ ಬೆಳಗುತ್ತಾ ಬಂದರೆ ದೋಷ ಯಂತ್ರದ್ದಲ್ಲ. ತಲೆ ವಾಲಿಸಿದರೂ ತುಸು ಕಾಣುತ್ತದೆ, ಆದರೆ 30 ಡಿಗ್ರಿ ವಾಲಿಸಿದರೂ ದಾಟಿ ಬರುವುದು ಕಾಲು ಭಾಗದಷ್ಟೇ. ಹಾಗೆ ಗಾಡಿ ಓಡಿಸಲಾದೀತೇ? ಮೆನುವಿನಲ್ಲಿರುವ 'ತಿರುಗಿಸು' ಆಯ್ಕೆ ಚಿತ್ರದ ಓರೆಯನ್ನಷ್ಟೇ ತಿದ್ದುತ್ತದೆ, ಇದಕ್ಕೆ ಮದ್ದಲ್ಲ. ನಾನು ಪೋಲರೈಸ್ಡ್ ಅಲ್ಲದ, ಅತಿನೇರಳೆ ಕಿರಣ ತಡೆಯುವ ಬೂದು ಗಾಜಿನ ಕನ್ನಡಕಕ್ಕೆ ಬದಲಾದೆ. ರಸ್ತೆಯ ಥಳಕು ಸ್ವಲ್ಪ ಹೆಚ್ಚಾಯಿತು ನಿಜ, ಆದರೆ ಅಂಕಿ ಸ್ಪಷ್ಟವಾಗಿದೆ.

ಉಳಿದ ಹೊಂದಾಣಿಕೆಗಳಲ್ಲಿ ಎತ್ತರವೇ ಮುಖ್ಯ. ಮೊದಲು ಸೀಟನ್ನು ಸರಿಪಡಿಸಿಕೊಂಡು, ಆಮೇಲೆ ಚಿತ್ರವನ್ನು ಬಾನೆಟ್ಟಿನ ಅಂಚಿನ ತುಸು ಮೇಲೆ ನಿಲ್ಲಿಸಬೇಕು. ನನ್ನ ಹೆಂಡತಿ ಸೀಟು ಏರಿಸಿಕೊಂಡ ದಿನ ಅಂಕಿಯ ಒಂದು ಅಂಚು ಕತ್ತರಿಸಿದಂತೆ ಕಂಡಿತು. ಕಣ್ಣಿನ ಎತ್ತರ ಬದಲಾದರೆ ಹೀಗಾಗುತ್ತದೆ. ಈಗ ಇಬ್ಬರ ಹೊಂದಾಣಿಕೆಗಳನ್ನೂ ಗಾಡಿಯ ನೆನಪಿನಲ್ಲಿ ಬೇರೆ ಬೇರೆಯಾಗಿ ಉಳಿಸಿದ್ದೇವೆ.

ವಿವರಗಳಲ್ಲಿ ವೇಗ ಮತ್ತು ತಿರುವಿನ ಬಾಣ ಎರಡನ್ನೇ ಉಳಿಸಿಕೊಂಡು ಹಾಡು, ಕರೆಗಳನ್ನು ತೆಗೆದಿದ್ದೇನೆ. ಬೆಳಕನ್ನು ಸ್ವಯಂಚಾಲಿತಕ್ಕೆ ಬಿಟ್ಟು, ರಾತ್ರಿಗೆ ಎರಡು ಮೆಟ್ಟಿಲು ಇಳಿಸಿದ್ದೇನೆ. ತೋರಣಗಲ್ಲಿನ ಅದಿರು ಲಾರಿಗಳ ಹಿಂದೆ ಸಾಗಬೇಕಾದ ವಾರಗಳಲ್ಲಂತೂ ಮುಂಗಾಜಿನ ಒಳಬದಿಯನ್ನೂ ಡ್ಯಾಶ್‌ಬೋರ್ಡಿನ ಮೇಲೆ ಬೆಳಕು ಹೊರಬರುವ ಕಿಂಡಿಯ ಹೊದಿಕೆಯನ್ನೂ ಮೆತ್ತನೆಯ ಒಣಬಟ್ಟೆಯಿಂದ ಒರೆಸುತ್ತೇನೆ; ಕೆಂಪು ಧೂಳು ಕುಳಿತರೆ ಅಂಕಿಯ ಸುತ್ತ ಮಸುಕು ಹಬ್ಬುತ್ತದೆ.